ಕಿಟಕಿ ಮುಚ್ಚಿದ ಮೇಲೂ ಅವರು ಒಳಗೆ ಬರಬಹುದೇ?

ಪ್ರಶ್ನೆ: ಶಿರಸಿಯಲ್ಲಿ ನಮ್ಮದು ಸಣ್ಣ ಅಡಿಕೆ ವ್ಯಾಪಾರ. ಲೆಕ್ಕದ ತಂತ್ರಾಂಶ ಕೈಕೊಟ್ಟಾಗ ಹುಬ್ಬಳ್ಳಿಯ ತಂತ್ರಜ್ಞರೊಬ್ಬರು ಎನಿಡೆಸ್ಕ್ ಎಂಬ ತಂತ್ರಾಂಶದ ಮೂಲಕ ದೂರದಿಂದಲೇ ನಮ್ಮ ಕಂಪ್ಯೂಟರಿಗೆ ಬಂದು ಸರಿ ಮಾಡಿಕೊಟ್ಟರು. ಕೆಲಸ ಮುಗಿದ ಮೇಲೆ ನಾನು ಆ ಕಿಟಕಿ ಮುಚ್ಚಿದೆ. ಇನ್ನು ಅವರು ನನ್ನನ್ನು ಕೇಳದೆ ಬರಲಾರರು ತಾನೇ?

ಉತ್ತರ: ಬರಬಹುದು. ಕಿಟಕಿ ಮುಚ್ಚಿದರೆ ಆ ಹೊತ್ತಿನ ಸಂಪರ್ಕ ಮಾತ್ರ ಮುಗಿಯುತ್ತದೆ. ಅವರು ಎನಿಡೆಸ್ಕನ್ನು ಕಂಪ್ಯೂಟರಿನಲ್ಲಿ ಸ್ಥಾಪಿಸಿ, ಮುಂದೆ ಅನುಕೂಲವಾಗಲೆಂದು ಒಂದು ಪಾಸ್‌ವರ್ಡ್ ಇಟ್ಟಿದ್ದರೆ, ಯಂತ್ರ ಚಾಲೂ ಆಗಿ ಇಂಟರ್ನೆಟ್ ಸಿಕ್ಕ ಕೂಡಲೇ ಬಾಗಿಲು ಮತ್ತೆ ತೆರೆದುಕೊಳ್ಳುತ್ತದೆ. ನೀವು ಲಾಗಿನ್ ಆಗಿರಬೇಕೆಂದೂ ಇಲ್ಲ. ಅದು ವಿಂಡೋಸ್‌ನ ಸೇವೆಯಾಗಿ ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ.

ನಿಮ್ಮಂತಹದೇ ಒಂದು ಅಂಗಡಿಯ ಕಂಪ್ಯೂಟರನ್ನು ಕಳೆದ ಮಳೆಗಾಲದಲ್ಲಿ ನಾನೇ ಶುಚಿ ಮಾಡಿದೆ. ಅಲ್ಲಿ ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಈ ಕೆಲಸದಲ್ಲಿ ಕ್ರಮ ಬಹಳ ಮುಖ್ಯ. ಎಲ್ಲರೂ ಮೊದಲು ಮಾಡುವುದು ತಂತ್ರಾಂಶವನ್ನು ತೆಗೆದುಹಾಕುವುದನ್ನು. ಅದನ್ನು ಮೊದಲು ಮಾಡಬೇಡಿ. ಯಾರು ಯಾವಾಗ ಬಂದಿದ್ದರು ಎಂಬ ದಾಖಲೆಯೂ ಅದರೊಂದಿಗೆ ಹೋಗಿಬಿಡಬಹುದು.

ಮೊದಲು ಆ ದಾಖಲೆಯನ್ನು ಓದಿ. ವಿಂಡೋಸ್ ಕೀಲಿ ಮತ್ತು R ಒಟ್ಟಿಗೆ ಒತ್ತಿ, ಬರುವ ಸಣ್ಣ ಪೆಟ್ಟಿಗೆಯಲ್ಲಿ ಇದನ್ನು ಬರೆದು ಎಂಟರ್ ಒತ್ತಿ:

```
%programdata%\AnyDesk
```

ತೆರೆದ ಕಡತಕೋಶದಲ್ಲಿ `connection_trace.txt` ಇರುತ್ತದೆ. (ಸ್ಥಾಪಿಸದೆ ಹಾಗೇ ಓಡಿಸಿದ್ದರೆ ಅದು `%appdata%\AnyDesk` ಒಳಗೆ ಸಿಗುತ್ತದೆ.) ಆ ಅಂಗಡಿಯಲ್ಲಿ ಕಂಡ ಸಾಲುಗಳು ಹೀಗಿದ್ದವು, ಸಂಖ್ಯೆಗಳನ್ನು ಬದಲಿಸಿದ್ದೇನೆ:

```
Incoming  2024-07-08, 11:20  User    123456789
Incoming  2024-07-08, 11:52  Passwd  123456789
Incoming  2024-07-11, 11:35  Token   123456789
```

ನೋಡಬೇಕಾದದ್ದು ದಿನಾಂಕದ ಪಕ್ಕದ ಪದವನ್ನು. User ಎಂದರೆ ಯಂತ್ರದ ಮುಂದೆ ಕುಳಿತವರು ಒಪ್ಪಿಗೆಯ ಗುಂಡಿ ಒತ್ತಿದ್ದಾರೆ. Passwd ಎಂದರೆ ಪಾಸ್‌ವರ್ಡ್ ಕೊಟ್ಟು ಬಂದಿದ್ದಾರೆ, ಯಾರ ಒಪ್ಪಿಗೆಯೂ ಬೇಕಾಗಿಲ್ಲ. Token ಎಂದರೆ ಹಿಂದೊಮ್ಮೆ ಪಾಸ್‌ವರ್ಡ್ ಕೊಡುವಾಗ ‘ಇನ್ನು ಮುಂದೆ ತಾನಾಗಿ ಒಳಗೆ ಬಿಡು’ ಎಂಬ ಚೌಕಕ್ಕೆ ಗುರುತು ಹಾಕಿದ್ದಾರೆ. ಈಗ ಪಾಸ್‌ವರ್ಡನ್ನೂ ಕೇಳದೆ ಬಿಟ್ಟುಕೊಟ್ಟಿದೆ. ಅಂಗಡಿಯ ಯಜಮಾನರು ಕೆಲಸ ಮಾಡಿಸಿದ್ದು ಎಂಟನೆಯ ತಾರೀಖು. ಹನ್ನೊಂದರ ಸಾಲು ನೋಡಿ ಅವರ ಮುಖ ಬಾಡಿತು. ತಂತ್ರಜ್ಞರಿಗೆ ಫೋನ್ ಮಾಡಿದಾಗ ಅವರು ಮುಚ್ಚಿಡಲಿಲ್ಲ: “ಬ್ಯಾಕಪ್ ಆಗಿದೆಯೋ ಇಲ್ಲವೋ ಅಂತ ನೋಡಲು ಬಂದಿದ್ದೆ, ಸರ್.” ಅವರ ಮಾತನ್ನು ನಾನು ನಂಬುತ್ತೇನೆ. ಆದರೆ ಯಜಮಾನರಿಗೆ ಗೊತ್ತಿಲ್ಲದೆ ಯಾರೂ ಅಂಗಡಿಯ ಲೆಕ್ಕದ ಮುಂದೆ ಕೂರಬಾರದು, ಒಳ್ಳೆಯವರೂ ಕೂರಬಾರದು. ಆ ಕಡತದ ಪ್ರತಿಯೊಂದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮುಂದಿನ ಕೆಲಸಕ್ಕೆ ಹೋದೆ.

ಎರಡನೆಯದು ಬೀಗ ಬದಲಿಸುವುದು. ಎನಿಡೆಸ್ಕ್‌ನ ಸೆಟ್ಟಿಂಗ್ಸ್‌ನಲ್ಲಿ ಸುರಕ್ಷತೆಯ ಭಾಗಕ್ಕೆ ಹೋದರೆ, ಯಾರೂ ಒಪ್ಪಿಗೆ ಕೊಡದೆಯೂ ಒಳಗೆ ಬಿಡುವ Unattended Access ಕಾಣುತ್ತದೆ. ಆವೃತ್ತಿಗೆ ತಕ್ಕಂತೆ ಜಾಗ ತುಸು ಅತ್ತಿತ್ತ ಆಗುತ್ತದೆ. ಅಲ್ಲಿ ಎರಡು ಕೆಲಸ ಮಾಡಿ: ಆ ಸೌಲಭ್ಯವನ್ನು ನಿಲ್ಲಿಸಿ, ಜೊತೆಗೆ ಟೋಕನ್‌ಗಳನ್ನು ಅಳಿಸುವ ಗುಂಡಿಯನ್ನೂ ಒತ್ತಿ. ಟೋಕನ್ ಎಂಬುದು ಅವರ ಯಂತ್ರದಲ್ಲಿ ಉಳಿದಿರುವ ನಕಲಿ ಕೀಲಿಯಿದ್ದಂತೆ. ಅದು ನಿಮ್ಮ ಕೈಯಲ್ಲಿಲ್ಲ, ಆದ್ದರಿಂದ ಅದಕ್ಕೆ ಒಗ್ಗುವ ಬೀಗವನ್ನೇ ಇಲ್ಲಿ ಕಿತ್ತುಹಾಕಬೇಕು.

ಇದಾದ ಮೇಲೆ ತಂತ್ರಾಂಶವನ್ನು ತೆಗೆಯಿರಿ. ಮತ್ತೆ ಬೇಕಾದಾಗ ಹೊಸದಾಗಿ ಇಳಿಸಿಕೊಂಡು, ಸ್ಥಾಪಿಸದೆ ಓಡಿಸಿ, ಕೆಲಸವಾದ ಮೇಲೆ ಮುಚ್ಚಿದರಾಯಿತು. ತೆಗೆದ ನಂತರ ಮೇಲೆ ಹೇಳಿದ ಎರಡೂ ಕಡತಕೋಶಗಳನ್ನು ಮತ್ತೊಮ್ಮೆ ನೋಡಿ, ಉಳಿದಿದ್ದರೆ ಅಳಿಸಿ. ನಿಮ್ಮ ಯಂತ್ರದ ಎನಿಡೆಸ್ಕ್ ಸಂಖ್ಯೆಯೂ ಹಳೆಯ ಸೆಟ್ಟಿಂಗ್ಸ್ ಕೂಡ ಅಲ್ಲೇ ಇರುವುದು. ಅದನ್ನು ಬಿಟ್ಟರೆ, ಆರು ತಿಂಗಳ ನಂತರ ಯಾರಾದರೂ ಮತ್ತೆ ಸ್ಥಾಪಿಸಿದಾಗ ಹಳೆಯ ಸಂಖ್ಯೆಯೇ ಜೀವ ತಳೆಯುತ್ತದೆ.

ಒಂದೇ ಉಪಕರಣ ಇತ್ತೆಂದು ತಿಳಿಯಬೇಡಿ. ಇಂಟರ್ನೆಟ್ ನಿಧಾನವಿದ್ದಾಗ ಒಂದು ಹಿಡಿಯದಿದ್ದರೆ ಇನ್ನೊಂದನ್ನು ಹಾಕಿ ನೋಡುವುದು ಈ ಕೆಲಸದವರ ರೂಢಿ. ಪವರ್‌ಶೆಲ್ ತೆರೆದು ಇದನ್ನು ಓಡಿಸಿ:

```
Get-Service | Where-Object DisplayName -match 'AnyDesk|TeamViewer|ScreenConnect|RustDesk|Chrome Remote'
```

ಏನೂ ಬರದಿದ್ದರೆ ಈ ಐದರ ಸೇವೆಗಳು ಯಂತ್ರದಲ್ಲಿ ಇಲ್ಲ ಎಂದರ್ಥ. ಆ ಅಂಗಡಿಯಲ್ಲಿ ಟೀಮ್‌ವ್ಯೂವರ್ ಸಿಕ್ಕಿತು. ಹಿಂದಿನ ವರ್ಷ ಬಂದಿದ್ದ ಬೇರೊಬ್ಬರು ಬಿಟ್ಟುಹೋದದ್ದು. ಈ ಪಟ್ಟಿಯಲ್ಲಿಲ್ಲದ ಉಪಕರಣಗಳೂ ಇವೆ. ಹಾಗಾಗಿ ಸ್ಥಾಪಿತ ತಂತ್ರಾಂಶಗಳ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ, ಅವರು ಬಂದ ದಿನ ಏನೇನು ಸೇರಿದೆ ಎಂದು ಕಣ್ಣಾರೆ ನೋಡಿ. ವಿಂಡೋಸ್‌ನ ಸ್ವಂತ ರಿಮೋಟ್ ಡೆಸ್ಕ್‌ಟಾಪ್ ಆನ್ ಆಗಿದ್ದರೆ ಅದನ್ನೂ ಆಫ್ ಮಾಡಿ.

ಇನ್ನು ಹೆಚ್ಚಿನವರು ಮರೆಯುವ ಸಂಗತಿ. ಅಂದು ಬ್ಯಾಕಪ್ ಹಾಕಲೆಂದು ಯಜಮಾನರು ತಮ್ಮ ಜಿಮೇಲ್ ತೆರೆದಿದ್ದರು. ಮೊಬೈಲಿಗೆ ಬಂದ ಕೋಡ್ ಹಾಕುವಾಗ ‘ಈ ಸಾಧನದಲ್ಲಿ ಮತ್ತೆ ಕೇಳಬೇಡ’ ಎಂಬುದಕ್ಕೆ ಗುರುತು ಬಿದ್ದಿತ್ತು. ಗೂಗಲ್ ಹೀಗೆ ನಂಬುವುದು ಯಂತ್ರದ ಆ ಬ್ರೌಸರನ್ನು, ಮುಂದೆ ಕುಳಿತ ಮನುಷ್ಯನನ್ನಲ್ಲ. ದೂರದಿಂದ ಬಂದವರು ಬಳಸುವುದೂ ಅದೇ ಬ್ರೌಸರನ್ನು. ಅವರಿಗೆ ಕೋಡ್ ಕೇಳುವುದಿಲ್ಲ, ‘ಹೊಸ ಸಾಧನದಿಂದ ಲಾಗಿನ್’ ಎಂಬ ಎಚ್ಚರಿಕೆಯೂ ನಿಮಗೆ ಬರುವುದಿಲ್ಲ, ಏಕೆಂದರೆ ಗೂಗಲ್‌ನ ಕಣ್ಣಿಗೆ ಅದು ನಿಮ್ಮದೇ ಅಂಗಡಿಯ ಕಂಪ್ಯೂಟರ್. ಆದ್ದರಿಂದ ನಿಮ್ಮ ಫೋನಿನಿಂದ ಗೂಗಲ್ ಖಾತೆಯ ಸುರಕ್ಷತಾ ಪುಟಕ್ಕೆ ಹೋಗಿ, ಎರಡು ಹಂತದ ಪರಿಶೀಲನೆಯ ಒಳಗೆ ನಂಬಿದ ಸಾಧನಗಳನ್ನೆಲ್ಲ ರದ್ದುಮಾಡಿ. ಸಾಧನಗಳ ಪಟ್ಟಿಯಲ್ಲಿ ಅಂಗಡಿಯ ಯಂತ್ರವನ್ನೂ ಸೈನ್ ಔಟ್ ಮಾಡಿ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳಲ್ಲಿ ಬ್ಯಾಂಕಿನದು ಇದ್ದರೆ ಅಳಿಸಿ, ಬದಲಿಸಿ.

ಉಳಿಸಿದ ಸಂಪರ್ಕಗಳ ವಿಷಯ ಚಿಕ್ಕದು. ನಿಮ್ಮ ಯಂತ್ರದಿಂದ ಲೆಕ್ಕಪರಿಶೋಧಕರ ಸರ್ವರಿಗೆ ಹೋಗುವ ರೂಢಿಯಿದ್ದರೆ ಅಲ್ಲಿಯ ಪಾಸ್‌ವರ್ಡ್ ನಿಮ್ಮಲ್ಲಿ ಕುಳಿತಿರಬಹುದು. ಪವರ್‌ಶೆಲ್‌ನಲ್ಲಿ `cmdkey /list` ಓಡಿಸಿ. `TERMSRV/` ಎಂಬುದರ ನಂತರ ಒಂದು ಹೆಸರು ಕಂಡರೆ, `ಹೆಸರು` ಎಂಬಲ್ಲಿ ಅದನ್ನು ಬರೆದು ಅಳಿಸಿ:

```
cmdkey /delete:TERMSRV/ಹೆಸರು
```

ಇದೆಲ್ಲ ಪರಿಚಯದ ತಂತ್ರಜ್ಞರು ಬಂದಿದ್ದಾಗಿನ ಮಾತು. ಬ್ಯಾಂಕಿನವರೆಂದು ಹೇಳಿಕೊಂಡ ಅಪರಿಚಿತರನ್ನು ಒಳಗೆ ಬಿಟ್ಟಿದ್ದರೆ ಈ ಕ್ರಮ ಸಲ್ಲದು. ಮೊದಲು ಇಂಟರ್ನೆಟ್ ಕೇಬಲ್ ಕಿತ್ತು, ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಆಮೇಲೆ ಪಾಸ್‌ವರ್ಡ್‌ಗಳನ್ನು ಆ ಬೇರೆ ಸಾಧನದಿಂದಲೇ ಬದಲಿಸಿ. ಅಂಥ ಯಂತ್ರದ ಮೇಲೆ ಮತ್ತೆ ನಂಬಿಕೆ ಬರಬೇಕಾದರೆ ವಿಂಡೋಸನ್ನು ಹೊಸದಾಗಿ ಹಾಕಿಸುವುದೇ ಸರಿ.

ಶುಚಿಯಾಯಿತೇ ಎಂದು ತಿಳಿಯುವುದು ಸುಲಭ. ಯಂತ್ರವನ್ನು ರೀಸ್ಟಾರ್ಟ್ ಮಾಡಿ, ಲಾಗಿನ್ ಆಗದೆ ಐದು ನಿಮಿಷ ಹಾಗೇ ಬಿಡಿ. ತಂತ್ರಜ್ಞರಿಗೆ ಫೋನ್ ಮಾಡಿ, ಅವರ ಪರದೆಯಲ್ಲಿ ಉಳಿದಿರುವ ನಿಮ್ಮ ಹಳೆಯ ಸಂಖ್ಯೆಯನ್ನು ಒತ್ತಲು ಹೇಳಿ. ಆ ಯಜಮಾನರು ಹಾಗೆ ಕೇಳಿದಾಗ ಹುಬ್ಬಳ್ಳಿಯಿಂದ ಬಂದ ಉತ್ತರ: “ಆಫ್‌ಲೈನ್ ಅಂತ ತೋರಿಸುತ್ತಿದೆ, ಸರ್.”