ಶುಗರ್ ಇದ್ದವರು ಮುದ್ದೆ ಎಷ್ಟು ತಿನ್ನಬಹುದು?

ಹಾಸನ, ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಯಾರಿಗಾದರೂ ಶುಗರ್ ಬಂತು ಅಂದರೆ ಸಿಗುವ ಸಲಹೆ ಒಂದೇ: ಅನ್ನ ಬಿಡಿ, ಮುದ್ದೆ ಉಣ್ಣಿ. ಎಷ್ಟು ಉಣ್ಣಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಸಕ್ಕರೆ ಬೇಗ ರಕ್ತಕ್ಕೆ ಸೇರುತ್ತದೆ, ಧಾನ್ಯದ ಪಿಷ್ಟ ನಿಧಾನ ಎಂದು ವೈದ್ಯರೂ ಬಹಳ ಕಾಲ ನಂಬಿದ್ದರು.

1981ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಜೊತೆಗಾರರು ಇದನ್ನು ಅಳೆದೇ ನೋಡಿದರು. 50 ಗ್ರಾಂ ಕಾರ್ಬೋಹೈಡ್ರೇಟ್ ಸಿಗುವಷ್ಟು ಆಹಾರ ತಿನ್ನಿಸಿ, ಎರಡು ಗಂಟೆ ರಕ್ತದ ಸಕ್ಕರೆ ನೋಡಿ, ಗ್ಲೂಕೋಸ್ ಜೊತೆ ಹೋಲಿಸಿದರು. ಗ್ಲೂಕೋಸ್‌ಗೆ 100 ಅಂಕ. ಇದೇ ಗ್ಲೈಸೆಮಿಕ್ ಇಂಡೆಕ್ಸ್. ಆ ಪಟ್ಟಿಯಲ್ಲಿ ಆಲೂಗಡ್ಡೆ, ಬಿಳಿ ಬ್ರೆಡ್ ಸಕ್ಕರೆಗಿಂತ ಮೇಲೆ ಬಂದವು. ಕಾಳುಗಳು ಕೆಳಗೆ ಉಳಿದವು.

ಪಟ್ಟಿಯಲ್ಲಿ ಒಂದು ತೊಡಕಿತ್ತು. ಕ್ಯಾರೆಟ್‌ಗೆ 92 ಅಂಕ ಬಿದ್ದಿತ್ತು. ಆದರೆ 50 ಗ್ರಾಂ ಕಾರ್ಬೋಹೈಡ್ರೇಟ್ ಬೇಕಾದರೆ ಅರ್ಧ ಕೆಜಿಗೂ ಜಾಸ್ತಿ ಕ್ಯಾರೆಟ್ ತಿನ್ನಬೇಕು. ಯಾರು ತಿನ್ನುತ್ತಾರೆ? ಹಾಗಾಗಿ 1997ರಲ್ಲಿ ಹಾರ್ವರ್ಡ್ ಸಂಶೋಧಕರು ತಿನ್ನುವ ಪ್ರಮಾಣವನ್ನೂ ಲೆಕ್ಕಕ್ಕೆ ತಂದರು. ಇಂಡೆಕ್ಸನ್ನು ಕಾರ್ಬೋಹೈಡ್ರೇಟ್ ಗ್ರಾಮಿನಿಂದ ಗುಣಿಸಿ 100ರಿಂದ ಭಾಗಿಸಿದರೆ ಗ್ಲೈಸೆಮಿಕ್ ಲೋಡ್. 20 ದಾಟಿದರೆ ಜಾಸ್ತಿ ಅಂತ ಅರ್ಥ.

ಈಗ ಮುದ್ದೆಗೆ ಬರೋಣ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಲೆಕ್ಕಕ್ಕೆ ಇಂಡೆಕ್ಸ್ 70 ಅಂತ ಇಟ್ಟುಕೊಂಡರೆ ಲೋಡ್ 47. ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ ಇನ್ನೂ ಸ್ವಲ್ಪ ಜಾಸ್ತಿ, ಹಾಗಾಗಿ ಅಷ್ಟೇ ಅಕ್ಕಿಯ ಅನ್ನಕ್ಕೆ ಅದೇ ಇಂಡೆಕ್ಸ್ ಹಿಡಿದರೆ ಲೋಡ್ 55. ರಾಗಿಯಲ್ಲಿ ನಾರು ಚೆನ್ನಾಗಿದೆ, ನಿಜ. ಆದರೆ ಮಿಲ್ಲಿನಲ್ಲಿ ನುಣ್ಣಗೆ ಬೀಸಿ, ಕುದಿಯುವ ನೀರಿನಲ್ಲಿ ಬೇಯಿಸಿ ತೊಳಸಿದಾಗ ಪಿಷ್ಟ ನೀರು ಕುಡಿದು ಉಬ್ಬುತ್ತದೆ, ಜೀರ್ಣರಸಕ್ಕೆ ಸುಲಭವಾಗಿ ಸಿಗುತ್ತದೆ. ಹಿಟ್ಟು ಅರ್ಧ ಮಾಡಿದರೆ ಲೋಡೂ ಅರ್ಧ. ಅನ್ನ ಬಿಟ್ಟು ಎರಡು ದಪ್ಪ ಮುದ್ದೆ ಉಂಡರೆ ಲಾಭವೇನೂ ಇಲ್ಲ, ಅಲ್ವಾ?

ನನ್ನ ಪ್ರಕಾರ ನಿಜವಾದ ಜಾಣತನ ಇರುವುದು ಬಸ್ಸಾರಿನಲ್ಲಿ. ಹುರುಳಿಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟು ಸಾರಿಗೆ ಹೋಗುತ್ತದೆ, ಕಾಳು-ಸೊಪ್ಪು ಪಲ್ಯವಾಗುತ್ತದೆ. ನಾರು, ಪ್ರೋಟೀನ್ ಹೆಚ್ಚಾಗಿ ಇರುವುದು ಪಲ್ಯದಲ್ಲೇ. ಬರೀ ಸಾರಿನಲ್ಲಿ ಮುದ್ದೆ ನುಂಗಿ ಪಲ್ಯವನ್ನು ಚೂರೇ ಚೂರು ಹಾಕಿಸಿಕೊಂಡರೆ ಕಾಳಿನ ಉಪಯೋಗ ಹೋಯಿತು. ಮೊದಲು ಪಲ್ಯ ತಿಂದು ಆಮೇಲೆ ಮುದ್ದೆಗೆ ಕೈ ಹಾಕಿದರೆ ಸಕ್ಕರೆ ಏರುವುದು ಕಡಿಮೆಯಾಗುತ್ತದೆ. ತರಕಾರಿ, ಪ್ರೋಟೀನ್ ಮೊದಲು ತಿನ್ನಿಸಿದ ಪ್ರಯೋಗಗಳಲ್ಲೂ ಇದು ಕಂಡಿದೆ.

ಒಂದೇ ಊಟಕ್ಕೆ ಒಬ್ಬೊಬ್ಬರ ಮೈ ಒಂದೊಂದು ಥರ ಸ್ಪಂದಿಸುತ್ತದೆ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಹಿಟ್ಟು ತೂಗಿ ಒಂದೇ ಅಳತೆಯ ಮುದ್ದೆ ಮಾಡಿ. ಒಂದು ದಿನ ಪಲ್ಯದ ಜೊತೆ, ಇನ್ನೊಂದು ದಿನ ಬರೀ ಸಾರಿನ ಜೊತೆ ಉಣ್ಣಿ. ಎರಡೂ ದಿನ ಊಟಕ್ಕೆ ಮುಂಚೆ ಮತ್ತು ಮೊದಲ ತುತ್ತಿನಿಂದ ಎರಡು ಗಂಟೆಗೆ ನೋಡಿ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮುದ್ದೆ ಒಮ್ಮೆಗೇ ಕಡಿಮೆ ಮಾಡಿದರೆ ಸಕ್ಕರೆ ತೀರಾ ಇಳಿಯಬಹುದು. ಅವರು ಡಾಕ್ಟರಿಗೆ ಮೊದಲೇ ಹೇಳಬೇಕು.