ತೂಕದ ಸಾಲು ಕೆಳಗೆ ಜಾರಿದಾಗ

ಉಡುಪಿಯ ಯಾವುದಾದರೂ ಪದವಿ ಕಾಲೇಜಿನ ಅಂಕಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದಿದ್ದೀರಿ ಎಂದುಕೊಳ್ಳಿ. ಮೊದಲ ಸಾಲಿನಲ್ಲಿ ಎರಡು ಕಿರುಪರೀಕ್ಷೆ, ಅಸೈನ್‌ಮೆಂಟ್, ಸೆಮಿಸ್ಟರ್ ಪರೀಕ್ಷೆ ಎಂಬ ತಲೆಬರಹಗಳಿವೆ. ಅವುಗಳ ತೂಕ ಎರಡನೆಯ ಸಾಲಿನಲ್ಲಿದೆ: 15, 15, 10, 60. ಮೂರನೆಯ ಸಾಲಿನಿಂದ ವಿದ್ಯಾರ್ಥಿಗಳು. ಅಂಕಗಳನ್ನು ಮೊದಲೇ ನೂರಕ್ಕೆ ಪರಿವರ್ತಿಸಿರಬೇಕು. 20ಕ್ಕೆ ಬಂದ 14ನ್ನು 70 ಮಾಡದೆ ಬಿಟ್ಟರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ.

ಮೊದಲನೆಯವಳ ಅಂಕಗಳು 70, 80, 90, 60. ಸಾದಾ ಸರಾಸರಿ 75. ಆದರೆ ಪ್ರತಿ ಅಂಕವನ್ನು ಅದರ ತೂಕದಿಂದ ಗುಣಿಸಿ ಕೂಡಿದರೆ 6750, ಅದನ್ನು ತೂಕಗಳ ಮೊತ್ತವಾದ 100ರಿಂದ ಭಾಗಿಸಿದರೆ 67.5. ಸೆಮಿಸ್ಟರ್ ಪರೀಕ್ಷೆಯ 60 ಅವಳನ್ನು ಕೆಳಗೆಳೆದಿದೆ. ಈ ಗುಣಾಕಾರ, ಸಂಕಲನ ಎರಡನ್ನೂ SUMPRODUCT ಒಂದೇ ಏಟಿಗೆ ಮಾಡುತ್ತದೆ:

```
=SUMPRODUCT(B$2:E$2,B3:E3)/SUM(B$2:E$2)
```

ಇಲ್ಲಿ ಡಾಲರ್ ಚಿಹ್ನೆಯದೇ ದೊಡ್ಡ ಕೆಲಸ. ಅದಿಲ್ಲದೆ ಸೂತ್ರವನ್ನು ಕೆಳಕ್ಕೆ ಎಳೆದರೆ ತೂಕದ ಸಾಲೂ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಎರಡನೆಯ ವಿದ್ಯಾರ್ಥಿಗೆ ಮೊದಲನೆಯವಳ ಅಂಕಗಳೇ ತೂಕವಾಗಿಬಿಡುತ್ತವೆ! ಅವನ ಅಂಕಗಳು 80, 60, 70, 50 ಆಗಿದ್ದರೆ ಸರಿಯಾದ ಉತ್ತರ 58, ಪರದೆಯ ಮೇಲೆ ಕಾಣುವುದು 65.67. ಎಕ್ಸೆಲ್ ದೋಷವನ್ನೇನೂ ತೋರಿಸುವುದಿಲ್ಲ, ಸಂಖ್ಯೆಯೂ ನಂಬುವಂತೆಯೇ ಇರುತ್ತದೆ. ಇದನ್ನು ಹಿಡಿಯಲು ಪಟ್ಟಿಯ ಕೊನೆಗೆ ಒಬ್ಬ ಹುಸಿ ವಿದ್ಯಾರ್ಥಿಯನ್ನು ಸೇರಿಸಿ 0, 0, 0, 100 ಕೊಡಿ. ಅವನಿಗೆ 60 ಬರಲೇಬೇಕು. ಬೇರೇನಾದರೂ ಬಂದರೆ ತೂಕ ಜಾರಿದೆ.

ಇನ್ನು ಗೈರುಹಾಜರಿ. ಎರಡನೆಯ ಕಿರುಪರೀಕ್ಷೆಯ ದಿನ ಮೊದಲನೆಯವಳನ್ನು ಕಾಲೇಜೇ ಅಂತರಕಾಲೇಜು ಯಕ್ಷಗಾನ ಸ್ಪರ್ಧೆಗೆ ಕಳುಹಿಸಿತ್ತು ಎನ್ನಿ. ಅಂಕದ ಜಾಗದಲ್ಲಿ `AB` ಎಂದು ಬರೆದರೆ ಮೇಲಿನ ಸೂತ್ರ ಅದನ್ನು ಸದ್ದಿಲ್ಲದೆ ಸೊನ್ನೆಯೆಂದು ಹಿಡಿಯುತ್ತದೆ, ಫಲಿತಾಂಶ 55.5ಕ್ಕೆ ಕುಸಿಯುತ್ತದೆ. ತಾನೇ ಕಳುಹಿಸಿ ತಾನೇ ಅಂಕ ಕಡಿಯುವುದು ಯಾವ ನ್ಯಾಯ? ವಿನಾಯಿತಿ ಕೊಡುವ ನಿಯಮವಿದ್ದರೆ ಆ ಪರೀಕ್ಷೆಯ ತೂಕವನ್ನು ಛೇದದಿಂದಲೂ ತೆಗೆಯಬೇಕು:

```
=SUMPRODUCT(B$2:E$2,B3:E3)
 /SUMPRODUCT(B$2:E$2,--ISNUMBER(B3:E3))
```

ISNUMBER ಸಂಖ್ಯೆಯಿರುವ ಜಾಗಗಳನ್ನು ಗುರುತಿಸುತ್ತದೆ, ಅದರ ಹಿಂದಿನ ಎರಡು ಋಣ ಚಿಹ್ನೆಗಳು ಹೌದು, ಅಲ್ಲ ಎಂಬ ಉತ್ತರವನ್ನು 1, 0 ಆಗಿಸುತ್ತವೆ. ಈಗ ಭಾಜಕ 85, ಉತ್ತರ ಸುಮಾರು 65.3. ಆದರೆ ಈ ಸೂತ್ರ ಖಾಲಿ ಬಿಟ್ಟ ಜಾಗಕ್ಕೂ ಅದೇ ವಿನಾಯಿತಿ ಕೊಡುತ್ತದೆ. ಕಾರಣವಿಲ್ಲದೆ ತಪ್ಪಿಸಿಕೊಂಡವನಿಗೆ 0 ಎಂದು ಬರೆದೇ ತೀರಬೇಕು, ಇಲ್ಲದಿದ್ದರೆ ಸೆಮಿಸ್ಟರ್ ಪರೀಕ್ಷೆಗೇ ಬಾರದವನು ಕಿರುಪರೀಕ್ಷೆಗಳ ಬಲದಿಂದ ತರಗತಿಗೇ ಮೊದಲಿಗನಾದಾನು.