ಪೋರ್ಟ್ ತೆರೆದಿಲ್ಲ, ಆದರೂ ತೋಟದ ಕ್ಯಾಮೆರಾ ಹಾಸನದಲ್ಲಿ ಕಾಣ್ತಿದೆ. ಹೇಗೆ?

ಓದುಗರ ಪ್ರಶ್ನೆ: ನಮ್ಮ ಮನೆ ಹಾಸನದಲ್ಲಿ, ಕಾಫಿ ತೋಟ ಮೂಡಿಗೆರೆ ಹತ್ತಿರ. ಕಣದಲ್ಲಿ ಒಣಗಲು ಹಾಕಿದ ಕಾಫಿ ಮೇಲೆ ಒಂದು ಕಣ್ಣಿರಲಿ ಅಂತ ತೋಟದ ಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ, ಅದಕ್ಕೊಂದು ಕ್ಯಾಮೆರಾ ಇಟ್ಟಿದ್ದೇವೆ. ಅಲ್ಲಿ ಇಂಟರ್ನೆಟ್ ಬರೋದು 4ಜಿ ಸಿಮ್ ಹಾಕುವ ರೂಟರ್‌ನಿಂದ. ಪೋರ್ಟ್ ಫಾರ್ವರ್ಡಿಂಗ್ ಅಂತ ಎರಡು ದಿನ ಒದ್ದಾಡಿದೆ, ಆಗಲಿಲ್ಲ. ಮಗಳು ಎರಡೂ ಕಡೆ, ದೂರದ ಯಂತ್ರಗಳನ್ನು ಒಂದೇ ಖಾಸಗಿ ಜಾಲಕ್ಕೆ ಸೇರಿಸುವ ಟೇಲ್‌ಸ್ಕೇಲ್ ಹಾಕಿ ಕೊಟ್ಟಳು, ಸಲೀಸಾಗಿ ಬಂತು. ಒಂದು ಪೋರ್ಟನ್ನೂ ತೆರೆದಿಲ್ಲವಂತೆ. ಹಾಗಾದರೆ ಒಳಗೆ ಹೋಗ್ತಿರೋದು ಯಾವ ಬಾಗಿಲಿಂದ? ಅದೇ ಬಾಗಿಲಲ್ಲಿ ಕಂಡವರೂ ಬರಬಹುದಲ್ವಾ?

ಉತ್ತರ: ಮೊದಲು ಆ ಎರಡು ದಿನದ ಲೆಕ್ಕ ಚುಕ್ತಾ ಮಾಡೋಣ. ತೋಟದ ರೂಟರ್‌ನ ಪುಟ ತೆಗೆದು, ಅದಕ್ಕೆ ಹೊರಗಿನಿಂದ ಸಿಕ್ಕಿರುವ ಐಪಿ ವಿಳಾಸ ನೋಡಿ. 100.64ರಿಂದ 100.127ರ ಒಳಗೆ ಅಥವಾ 10ರಿಂದ ಶುರುವಾಗುವ ವಿಳಾಸ ಇದ್ದರೆ ವಿಷಯ ಅಲ್ಲೇ ಗೊತ್ತಾಯಿತು. ಅದು ನಿಮ್ಮ ಸ್ವಂತ ವಿಳಾಸವಲ್ಲ. ಮೊಬೈಲ್ ಕಂಪನಿ ನೂರಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸಿದೆ. ಇದಕ್ಕೆ ಸಿಜಿ-ನ್ಯಾಟ್ ಅಂತಾರೆ. ನೀವು ನಿಮ್ಮ ರೂಟರ್‌ನ ಬಾಗಿಲು ತೆರೆದಿರಿ, ಸರಿ. ಅದರ ಆಚೆ ಕಂಪನಿಯ ಇನ್ನೊಂದು ಗೇಟಿದೆ. ಅದರ ಬೀಗ ನಿಮ್ಮ ಕೈಲಿಲ್ಲ.

ಈಗ ಗೇಟಿನ ವಿಷಯಕ್ಕೇ ಬರೋಣ. ದೊಡ್ಡ ಎಸ್ಟೇಟಿನ ಗೇಟಲ್ಲಿ ಕೂರುವ ವಾಚ್‌ಮ್ಯಾನ್‌ ಹತ್ತಿರ ಒಂದು ಪುಸ್ತಕ ಇರುತ್ತದೆ. ಒಳಗಿನವರು ಯಾರಿಗಾದರೂ ಹೇಳಿ ಕಳಿಸಿದ್ದರೆ ಅದರಲ್ಲಿ ಬರೆದುಕೊಂಡಿರುತ್ತಾನೆ. ಬಂದವರ ಹೆಸರು ಪುಸ್ತಕದಲ್ಲಿದ್ದರೆ ಬಿಡುತ್ತಾನೆ, ಇಲ್ಲದಿದ್ದರೆ ಮಾತೇ ಇಲ್ಲ. ರೂಟರ್ ಮಾಡುವುದೂ ಇದನ್ನೇ. ಪೈ ತನ್ನ 192.168.1.20 ವಿಳಾಸದ 41641ನೇ ಪೋರ್ಟಿನಿಂದ ಹೊರಗೆ ಒಂದು ಯುಡಿಪಿ ಪ್ಯಾಕೆಟ್ ಕಳಿಸಿತು ಅನ್ನಿ. ರೂಟರೂ ಅದರ ಮೇಲಿನ ಕಂಪನಿಯ ಯಂತ್ರವೂ ತಂತಮ್ಮ ಪುಸ್ತಕದಲ್ಲಿ ಒಂದೊಂದು ಸಾಲು ಬರೆದುಕೊಳ್ಳುತ್ತವೆ. ಹೊರಗಿನವರಿಗೆ ಅದು 203.0.113.40, ಪೋರ್ಟ್ 23817 ಅಂತ ಕಾಣಬಹುದು (ಅಂಕಿ ಉದಾಹರಣೆಗೆ ಮಾತ್ರ). ಆ ಪ್ಯಾಕೆಟ್ ಯಾರಿಗೆ ಹೋಯಿತೋ ಅವರಿಂದ ಬಂದ ಉತ್ತರವನ್ನು ಒಳಗೆ ಬಿಡುತ್ತವೆ. ನಾವು ದಿನವೂ ಯಾವ ಪೋರ್ಟೂ ತೆರೆಯದೆ ವಿಡಿಯೋ ನೋಡುವುದು ಹೀಗೇ ತಾನೆ?

ತೊಂದರೆ ಏನಂದರೆ, ಹಾಸನದ ಲ್ಯಾಪ್‌ಟಾಪ್ ಮೂಡಿಗೆರೆಯ ಪೈಗೆ ಮೊದಲ ಪ್ಯಾಕೆಟ್ ಕಳಿಸಿದರೆ ಅಲ್ಲಿನ ಪುಸ್ತಕದಲ್ಲಿ ಅದರ ಹೆಸರಿಲ್ಲ. ಪೈ ಮೊದಲು ಕಳಿಸಿದರೆ ಹಾಸನದ ಗೇಟಲ್ಲಿ ಅದೇ ಕಥೆ. ಹಾಗಾಗಿ ಇಬ್ಬರೂ ಒಟ್ಟಿಗೆ ಕಳಿಸಬೇಕು. ಹಾಸನದ ಪ್ಯಾಕೆಟ್ ಮೂಡಿಗೆರೆಯ ಗೇಟಲ್ಲಿ ಬಿದ್ದು ಹೋದರೂ ಚಿಂತೆಯಿಲ್ಲ. ಹೊರಡುವಾಗ ಅದು ಹಾಸನದ ಪುಸ್ತಕದಲ್ಲಿ ಒಂದು ಸಾಲು ಬರೆಸಿ ಹೋಗಿದೆ. ಅಷ್ಟರಲ್ಲಿ ಪೈ ಕಳಿಸಿದ್ದು ಹಾಸನಕ್ಕೆ ಬಂದರೆ, ಆ ರೂಟರ್ ಅದನ್ನು ಉತ್ತರ ಅಂದುಕೊಂಡು ಒಳಗೆ ಬಿಡುತ್ತದೆ. ಎರಡೂ ಕಡೆಯ ವಾಚ್‌ಮ್ಯಾನ್‌ಗಳಿಗೆ ನಮ್ಮವರೇ ಮೊದಲು ಕರೆದರು ಅಂತ ಅನಿಸುತ್ತದೆ. ಇದಕ್ಕೆ ಹೋಲ್ ಪಂಚಿಂಗ್ ಅಂತ ಹೆಸರು. ಗೋಡೆಗೆ ತೂತು ಕೊರೆದ ಹಾಗೆ ಕೇಳಿಸುತ್ತೆ. ನನ್ನನ್ನು ಕೇಳಿದರೆ ಹೆಸರು ಸರಿಯಿಲ್ಲ, ಇಲ್ಲಿ ನಿಯಮ ಮುರಿದವರು ಯಾರೂ ಇಲ್ಲ.

ಒಟ್ಟಿಗೆ ಕಳಿಸೋಣ ಅಂದರೆ ವಿಳಾಸ ಗೊತ್ತಿರಬೇಕಲ್ವಾ? ತಾನು ಹೊರಗೆ 23817 ಆಗಿ ಕಾಣುತ್ತಿದ್ದೇನೆ ಅನ್ನುವುದು ಪೈಗೇ ಗೊತ್ತಿಲ್ಲ. ಅದಕ್ಕೆ ಹೊರಗಿರುವ ಸ್ಟನ್ ಸರ್ವರ್‌ಗೆ ಒಂದು ಪ್ಯಾಕೆಟ್ ಕಳಿಸಿ ‘ನಾನು ನಿನಗೆ ಹೇಗೆ ಕಾಣ್ತೀನಿ?’ ಅಂತ ಕೇಳುತ್ತದೆ. ಆಮೇಲೆ ಮಾತಾಡುವ ಅದೇ ಪೋರ್ಟಿನಿಂದ ಕೇಳಬೇಕು, ಇಲ್ಲದಿದ್ದರೆ ಸಿಕ್ಕ ಉತ್ತರ ಕೆಲಸಕ್ಕೆ ಬಾರದು. ಹೀಗೆ ಸಿಕ್ಕ ವಿಳಾಸವನ್ನೂ ತನ್ನ ಸಾರ್ವಜನಿಕ ಕೀಯನ್ನೂ ಟೇಲ್‌ಸ್ಕೇಲ್‌ನ ಕೇಂದ್ರ ಸರ್ವರ್‌ಗೆ ಕೊಡುತ್ತದೆ. ಆ ಸರ್ವರ್ ಜೊತೆಗಿನ ಸಂಪರ್ಕವನ್ನು ಪೈ ತಾನೇ ಒಳಗಿನಿಂದ ಶುರು ಮಾಡಿ ಇಟ್ಟುಕೊಂಡಿರುತ್ತದೆ, ಹಾಗಾಗಿ ಅದಕ್ಕೆ ತಡೆಯಿಲ್ಲ. ಹಾಸನದ ವಿಳಾಸ ಪೈಗೆ, ಪೈ ವಿಳಾಸ ಹಾಸನಕ್ಕೆ ಮುಟ್ಟುವುದು ಈ ದಾರಿಯಲ್ಲೇ.

ನೀವೇ ಕಣ್ಣಾರೆ ನೋಡಬಹುದು. ಹಾಸನದ ಲ್ಯಾಪ್‌ಟಾಪಲ್ಲಿ ಇದರ ಮೊದಲ ಸಾಲನ್ನು ಕೊಡಿ, `thota-pi` ಜಾಗದಲ್ಲಿ ನಿಮ್ಮ ಪೈಯ ಹೆಸರಿರಲಿ. ಕೆಳಗಿನ ಎರಡು ಸಾಲು ಬರುವ ಉತ್ತರ:

```
tailscale ping thota-pi
pong from thota-pi (100.101.12.7) via DERP(blr) in 92ms
pong from thota-pi (100.101.12.7) via 203.0.113.40:23817 in 43ms
```

ಉತ್ತರದ ಮೊದಲ ಸಾಲಿನ `DERP(blr)` ಅಂದರೆ ಪ್ಯಾಕೆಟ್ ಬೆಂಗಳೂರಿನ ರಿಲೇ ಸರ್ವರ್ ಮೂಲಕ ಹೋಗಿ ಬಂತು. ಎರಡನೆಯದು ನೇರ ದಾರಿ. ಶುರುವಲ್ಲಿ ಎಲ್ಲವೂ ರಿಲೇ ಮೇಲೆ ನಡೆಯುತ್ತದೆ, ಪಕ್ಕದಲ್ಲಿ ನೇರ ದಾರಿಯ ಹುಡುಕಾಟ ಸಾಗಿರುತ್ತದೆ. ಸಿಕ್ಕ ಕೂಡಲೇ ಅದಕ್ಕೆ ಹೊರಳುತ್ತದೆ. ತೋಟದಲ್ಲಿ ಕರೆಂಟ್ ಹೋಗಿ ರೂಟರ್ ಮತ್ತೆ ಶುರುವಾದಾಗ ಚಿತ್ರ ಸ್ವಲ್ಪ ತಡವರಿಸಿ ಸರಿಹೋಗುವುದು ಇದೇ ಕಾರಣಕ್ಕೆ. ಹಳೇ ಪುಸ್ತಕ ಹೋಯಿತು, ಹೊಸ ಸಾಲು ಬರೆಸಬೇಕು.

ಕರೆಂಟ್ ಇದ್ದರೂ ಆ ಸಾಲು ಶಾಶ್ವತವಲ್ಲ. ಮಾತು ನಿಂತರೆ ಎಷ್ಟೋ ರೂಟರ್‌ಗಳು ಅರ್ಧ ನಿಮಿಷದಲ್ಲೇ ಅಳಿಸಿಬಿಡುತ್ತವೆ. ಟೇಲ್‌ಸ್ಕೇಲ್‌ನ ತಳದಲ್ಲಿದ್ದು ಪ್ಯಾಕೆಟ್‌ಗಳಿಗೆ ಬೀಗ ಹಾಕುವ ವೈರ್‌ಗಾರ್ಡ್ ಅನ್ನು ಕೈಯಾರೆ ಹೊಂದಿಸುವವರು 25 ಸೆಕೆಂಡಿಗೊಮ್ಮೆ ಒಂದು ಖಾಲಿ ಪ್ಯಾಕೆಟ್ ಕಳಿಸುವ ಹಾಗೆ ಇಡುವುದು ಅದಕ್ಕೇ.

ಆ ಪಿಂಗ್‌ನ ಉತ್ತರದಲ್ಲಿ ನೇರ ದಾರಿಯ ಸಾಲು ಬರಲೇ ಇಲ್ಲ, ಕೊನೆಗೆ `direct connection not established` ಅಂತ ಬಂತು ಅನ್ನಿ. ಆಗ ತೋಟದ ಪೈಯಲ್ಲಿ `tailscale netcheck` ಕೊಟ್ಟು ಈ ಎರಡು ಸಾಲು ಹುಡುಕಿ:

```
* UDP: true
* MappingVariesByDestIP: true
```

ಎರಡನೆಯದರಲ್ಲಿ `true` ಇದ್ದರೆ ಗೇಟಿನವನು ಸ್ವಲ್ಪ ಕಿಲಾಡಿ. ಒಬ್ಬೊಬ್ಬರಿಗೆ ಒಂದೊಂದು ಪೋರ್ಟ್ ತೋರಿಸುತ್ತಾನೆ. ಸ್ಟನ್ ಸರ್ವರ್‌ಗೆ 23817 ಕಂಡರೆ ಹಾಸನಕ್ಕೆ ಕಳಿಸುವಾಗ ಇನ್ನೇನೋ ಆಗಿರುತ್ತದೆ, ಕೇಳಿ ತಿಳಿದುಕೊಂಡ ವಿಳಾಸ ವ್ಯರ್ಥ. ಮೊಬೈಲ್ ಸಂಪರ್ಕದಲ್ಲಿ ಈ ಕಾಟ ಕಂಡರೆ ಆಶ್ಚರ್ಯಪಡಬೇಡಿ. ಹೀಗಿದ್ದಾಗ ಎಲ್ಲವೂ ರಿಲೇ ಮೇಲೇ ನಡೆಯುತ್ತದೆ. ಕಣದ ಚಿತ್ರ ನೋಡಲು ಅಷ್ಟು ಸಾಕು, ದೊಡ್ಡ ರೆಕಾರ್ಡಿಂಗ್ ಎಳೆದರೆ ನಿಧಾನ ಗೊತ್ತಾಗುತ್ತದೆ. ಎರಡೂ ಕಡೆ ಐಪಿವಿ6 ಸಿಗುವ ಹಾಗಿದ್ದರೆ ರೂಟರಲ್ಲಿ ಅದನ್ನು ಹಾಕಿ ನೋಡಿ. ಅಲ್ಲಿ ವಿಳಾಸ ಬದಲಾಯಿಸುವ ಗೋಜೇ ಸಾಮಾನ್ಯವಾಗಿ ಇರುವುದಿಲ್ಲ, ಒಟ್ಟಿಗೆ ಕಳಿಸುವ ಉಪಾಯವೊಂದೇ ಸಾಕು. ಮೊದಲ ಸಾಲಲ್ಲೇ `false` ಇದ್ದರೆ ಯುಡಿಪಿಯನ್ನೇ ತಡೆದಿದ್ದಾರೆ ಅಂತ ಅರ್ಥ, ಹಾಸ್ಟೆಲ್, ಆಫೀಸುಗಳ ವೈಫೈನಲ್ಲಿ ಹೀಗಾಗುವುದುಂಟು.

‘ಒಂದೂ ಪೋರ್ಟ್ ತೆರೆದಿಲ್ಲ’ ಅನ್ನುವುದಕ್ಕೆ ಒಂದು ಸಣ್ಣ ತಿದ್ದುಪಡಿ ಇದೆ. ಹಾಸನದ ರೂಟರಲ್ಲಿ ಯುಪಿಎನ್‌ಪಿ ಆನ್ ಇದ್ದರೆ ಟೇಲ್‌ಸ್ಕೇಲ್ ತಾನೇ ಕೇಳಿ ಒಂದು ಪೋರ್ಟ್ ತೆರೆಸಿಕೊಳ್ಳಬಹುದು. ನೀವು ತೆರೆದಿಲ್ಲ ಅಷ್ಟೇ.

ಇನ್ನು ಕಂಡವರು ಬರಬಹುದಾ ಅನ್ನುವ ಭಯ. ಹೆಚ್ಚಿನ ರೂಟರ್‌ಗಳು ಪುಸ್ತಕದಲ್ಲಿರುವ ವಿಳಾಸದಿಂದ ಬಂದಿದ್ದನ್ನು ಮಾತ್ರ ಬಿಡುತ್ತವೆ. ಸಡಿಲ ರೂಟರ್ ಬೇರೆಯವರ ಪ್ಯಾಕೆಟ್ ಬಿಟ್ಟರೂ, ಸರಿಯಾದ ಕೀ ಇಲ್ಲದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಅಲ್ಲೊಂದು ಯಂತ್ರ ಇದೆ ಅನ್ನುವುದೂ ಅವರಿಗೆ ಗೊತ್ತಾಗದು. ರಿಲೇ ನಡೆಸುವವರಿಗೂ ಚಿತ್ರ ಕಾಣದು, ಬಿಚ್ಚುವ ಕೀ ನಿಮ್ಮ ಎರಡು ಯಂತ್ರಗಳಲ್ಲೇ ಇರುತ್ತದೆ. ನೀವು ನಂಬಲೇಬೇಕಾದದ್ದು ಸಾರ್ವಜನಿಕ ಕೀಗಳನ್ನು ಹಂಚುವ ಆ ಕೇಂದ್ರ ಸರ್ವರನ್ನು, ಮತ್ತೆ ಅದಕ್ಕೆ ಲಾಗಿನ್ ಆಗುವ ನಿಮ್ಮ ಖಾತೆಯನ್ನು. ಆ ಖಾತೆ ಕೈತಪ್ಪಿದರೆ ಮಾತ್ರ ಕಳ್ಳ ತನ್ನ ಲ್ಯಾಪ್‌ಟಾಪನ್ನೂ ನಿಮ್ಮ ಜಾಲಕ್ಕೆ ಸೇರಿಸಿಕೊಳ್ಳಬಹುದು. ಮಗಳಿಗೆ ಹೇಳಿ ಅದಕ್ಕೆ ಎರಡು ಹಂತದ ಲಾಗಿನ್ ಹಾಕಿಸಿ.